ಆಫರ್ ಒಪ್ಪುವ ಮೊದಲು ತಾರೀಖು ಎಣಿಸಿ

ಬೆಂಗಳೂರಿನ ಕಂಪನಿಗಳಲ್ಲಿ ನೇಮಕಾತಿ ಕೆಲಸ ನೋಡಿಕೊಂಡು ಬಂದವನು ನಾನು. ಆಫರ್ ಲೆಟರ್ ಬಂದ ಹತ್ತು ನಿಮಿಷಕ್ಕೆ 'ಒಪ್ಪಿದ್ದೇನೆ, ಥ್ಯಾಂಕ್ಸ್' ಅಂತ ಒಂದು ಸಾಲು ಕಳಿಸುವವರನ್ನು ಕಂಡರೆ ಈಗಲೂ ರೇಗುತ್ತದೆ. ಮೂರು ಸುತ್ತು ಇಂಟರ್‌ವ್ಯೂಗೆ ರಾತ್ರಿಯೆಲ್ಲ ಓದಿರುತ್ತಾರೆ, ನಾಲ್ಕು ಪುಟದ ಪತ್ರ ಓದಲು ಮಾತ್ರ ಪುರುಸೊತ್ತಿಲ್ಲ!

ಸಂಬಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಷ್ಟಿಷ್ಟು ಎಲ್ಲರಿಗೂ ಗೊತ್ತು. ಸಿಟಿಸಿ ಅನ್ನುವುದು ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಅದು 14 ಲಕ್ಷ ಅಂದರೆ ಕೈಗೆ ತಿಂಗಳಿಗೆ 1,16,000 ಅಲ್ಲ. ಅದರಲ್ಲಿ ವೇರಿಯಬಲ್ 1,40,000, ಕಂಪನಿ ಕಟ್ಟುವ ಪಿಎಫ್ 21,600, ಗ್ರಾಚ್ಯುಟಿಗೆಂದು ಸುಮಾರು 33,700 ಇದ್ದರೆ ತಿಂಗಳ ಗ್ರಾಸ್ ಒಂದು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ಪಾಲಿನ ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್, ಆದಾಯ ತೆರಿಗೆ ಅದರಿಂದ ಹೋಗಬೇಕು. ಆದ್ದರಿಂದ ಒಪ್ಪಿಗೆ ಮೇಲ್‌ನಲ್ಲಿ ಸಿಟಿಸಿ ಒಂದನ್ನೇ ಬರೆಯಬೇಡಿ, ಫಿಕ್ಸೆಡ್ ಎಷ್ಟು ಅನ್ನುವುದನ್ನೂ ಬರೆಯಿರಿ.

ಜನ ಮತ್ತೆ ಮತ್ತೆ ಎಡವುವುದು ಜಾಯಿನಿಂಗ್ ಡೇಟ್‌ನಲ್ಲಿ. ಹಳೇ ಕಂಪನಿಯಲ್ಲಿ 90 ದಿನ ನೋಟಿಸ್ ಇರುತ್ತದೆ, ಹೊಸ ಪತ್ರದಲ್ಲಿ 60 ದಿನಕ್ಕೆ ತಾರೀಖು ಹಾಕಿರುತ್ತಾರೆ. 'ಬೇಗ ಬಿಡಿಸಿಕೊಂಡು ಬನ್ನಿ, ಉಳಿದ ನೋಟಿಸ್ ದಿನಕ್ಕೆ ಕಟ್ಟೋ ಬೈಔಟ್ ದುಡ್ಡು ನಾವೇ ಕೊಡ್ತೀವಿ' ಅಂತ ರಿಕ್ರೂಟರ್ ಫೋನಿನಲ್ಲಿ ಹೇಳಿರುತ್ತಾರೆ. ಇವರು ಸಹಿ ಹಾಕುತ್ತಾರೆ.

ವಿಜಯನಗರದ ಒಬ್ಬ ಹುಡುಗಿ ಹೀಗೇ ಪತ್ರ ಹಿಡಿದು ಬಂದಿದ್ದಳು. ಟೆಸ್ಟಿಂಗ್ ಕೆಲಸ, ಐದು ವರ್ಷದ ಅನುಭವ. ಪತ್ರ ಬಂದಿದ್ದು ಮಾರ್ಚ್ 3ಕ್ಕೆ, ಸೇರಬೇಕಾದದ್ದು ಮೇ 5ಕ್ಕೆ. ಆ ದಿನ ಸೇರದಿದ್ದರೆ ಆಫರ್ ರದ್ದು ಅಂತ ಮೂರನೇ ಪುಟದಲ್ಲಿ ಸಣ್ಣದಾಗಿತ್ತು.

"ನೋಟಿಸ್ ಕಮ್ಮಿ ಆದ್ರೆ ದುಡ್ಡು ಕಟ್ಟಿ ಹೋಗ್ತೀನಿ ಸಾರ್," ಅಂದಳು.

"ಹಳೇ ಅಪಾಯಿಂಟ್‌ಮೆಂಟ್ ಲೆಟರ್ ತೆಗಿಯಮ್ಮ," ಅಂದೆ.

ಅದರಲ್ಲಿ 90 ದಿನ ನೋಟಿಸ್, ಬದಲಿಗೆ ಹಣ ತೆಗೆದುಕೊಂಡು ಬಿಡುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು ಅಂತಿತ್ತು. ಅಂದರೆ ದುಡ್ಡು ಕಟ್ಟಿ ಹೋಗುವ ಹಕ್ಕು ಅವಳದಲ್ಲ. ಕಂಪನಿ ಬೇಡ ಅಂದರೆ ಮುಗಿಯಿತು, ಬಿಟ್ಟು ಹೋದರೆ ರಿಲೀವಿಂಗ್ ಲೆಟರ್‌ಗೆ ಅಲೆಯಬೇಕು. ಕೆಲವು ಪತ್ರಗಳಲ್ಲಿ ಎರಡೂ ಕಡೆಯವರು ಹಣ ಕೊಟ್ಟು ಬಿಡಬಹುದು ಅಂತಿರುತ್ತದೆ, ಆಗ ಮಾತು ಬೇರೆ. ನಿಮ್ಮದರಲ್ಲಿ ಏನಿದೆಯೋ ನೀವೇ ನೋಡಬೇಕು, ಗೊಂದಲವಿದ್ದರೆ ವಕೀಲರಿಗೆ ತೋರಿಸಿ. ಹಣ ಕಟ್ಟುವುದಾದರೂ ಲೆಕ್ಕ ಬೇಸಿಕ್ ಮೇಲೋ ಗ್ರಾಸ್ ಮೇಲೋ ನೋಡಿಕೊಳ್ಳಿ. ಮೊತ್ತ ಎರಡರಷ್ಟಾಗಬಹುದು.

ತಾರೀಖು ಎಣಿಸಿದೆವು. ಮಾರ್ಚ್ 7ಕ್ಕೆ ರಾಜೀನಾಮೆ ಕೊಟ್ಟರೆ 90 ದಿನ ತುಂಬುವುದು ಜೂನ್ 5ಕ್ಕೆ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೆಲವು ಕಂಪನಿಗಳು ಅಷ್ಟು ದಿನ ಮುಂದಕ್ಕೆ ತಳ್ಳುತ್ತವೆ. ಹಾಗಾಗಿ ಜೂನ್ 9 ಕೇಳುವುದು ಅಂತಾಯಿತು.

ಆಗ ಅವಳು, "ಸಹಿ ಹಾಕಿ, ಪಕ್ಕದಲ್ಲಿ ಜೂನ್ 9ಕ್ಕೆ ಬರ್ತೀನಿ ಅಂತ ಬರೆದು ಕಳಿಸ್ಲಾ?" ಅಂದಳು. ಬಹಳ ಜನ ಮಾಡುವುದೂ ಇದನ್ನೇ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತು ಇರಬಾರದು. ತಾರೀಖು ಬದಲಿಸಿ ಒಪ್ಪಿದರೆ ಅದು ಒಪ್ಪಿಗೆ ಅನ್ನಿಸುವುದಿಲ್ಲ, ನೀವು ಅವರ ಮುಂದಿಟ್ಟ ಹೊಸ ಪ್ರಸ್ತಾಪ ಆಗುತ್ತದೆ. ಅವರು ಸುಮ್ನೆ ಇದ್ದುಬಿಟ್ಟರೆ ನಿಮ್ಮ ಕೈಯಲ್ಲಿ ಗಟ್ಟಿಯಾದದ್ದು ಏನೂ ಇರುವುದಿಲ್ಲ. ಪೋರ್ಟಲ್‌ನಲ್ಲಿ ಬಟನ್ ಒತ್ತಿ ಆಮೇಲೆ ಮೇಲ್ ಹಾಕಿದರೂ ತೊಂದರೆಯೇ. ಮೊದಲ ತಾರೀಖಿಗೆ ಒಪ್ಪಿಯಾಗಿರುತ್ತದೆ, ಅಲ್ವಾ?

ಆದ್ದರಿಂದ ಮೊದಲು ಮೇಲ್ ಹಾಕಿ ತಿದ್ದಿದ ಪತ್ರ ಕೇಳಬೇಕು. ಅವಳ ಕೈಲಿ ಬರೆಸಿದ್ದು ಇಷ್ಟು: 'ಆಫರ್‌ಗೆ ವಂದನೆ, ಸೇರಲು ಮನಸ್ಸಿದೆ. ನನಗೆ 90 ದಿನ ನೋಟಿಸ್ ಇದೆ, ಈ ವಾರ ರಾಜೀನಾಮೆ ಕೊಟ್ಟರೆ ಜೂನ್ 5 ಕೊನೇ ದಿನ. ಜಾಯಿನಿಂಗ್ ಡೇಟ್ ಜೂನ್ 9 ಎಂದು ತಿದ್ದಿದ ಪತ್ರ ಕಳಿಸಿ, ಬಂದ ಕೂಡಲೇ ಸಹಿ ಮಾಡುತ್ತೇನೆ.' ಬೈಔಟ್ ಮಾತು ಬಂದಿದ್ದರೆ ಅದೂ ಪತ್ರದೊಳಗೇ ಇರಬೇಕು, ಯಾವ ಮಿತಿಯವರೆಗೆ, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೇ ಅನ್ನುವುದರ ಸಮೇತ.

ರಿಕ್ರೂಟರ್ ಸ್ವಲ್ಪ ಗೊಣಗಿದರು. ಎರಡು ದಿನ ಬಿಟ್ಟು ಜೂನ್ 9ರ ಪತ್ರ ಬಂತು. ಆಗ ಫಿಕ್ಸೆಡ್ ಸಂಬಳ, ಹುದ್ದೆ, ಜಾಯಿನಿಂಗ್ ಡೇಟ್, ಹೊಸ ಕಂಪನಿಯ ನೋಟಿಸ್ ಅವಧಿ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು, ಸಹಿ ಮಾಡಿದ ಪ್ರತಿ ಸೇರಿಸಿ ಮೇಲ್ ಕಳಿಸಿದಳು. ಅದರ ಒಂದು ಕಾಪಿ ಸ್ವಂತ ಮೇಲ್‌ಗೂ ಹೋಯಿತು. ಹಳೇ ಕಂಪನಿಯಲ್ಲಿ ಪೇಪರ್ ಹಾಕಿದ್ದು ಆ ಮೇಲ್‌ಗೆ 'ತಲುಪಿದೆ' ಅಂತ ಉತ್ತರ ಬಂದ ಮೇಲೆ.