ಮೈಕ್ ಸತ್ತಿಲ್ಲ, ಮೊದ್ಲು ಪ್ಲಗ್ ಮೇಲಿನ ಕಪ್ಪು ಗೆರೆ ಎಣಿಸಿ

ರಿಪೇರಿಗೆ ಬರೋ ಹೆಡ್‌ಸೆಟ್‌ಗಳಲ್ಲಿ ಮೈಕ್ ನಿಜವಾಗ್ಲೂ ಕೆಟ್ಟಿರೋದು ಕಮ್ಮಿ, ಅದಕ್ಕೇ ನಾನು ಮೊದ್ಲು ನೋಡೋದು 3.5 ಎಂಎಂ ಪ್ಲಗ್ಗನ್ನ. ಎರಡು ಕಪ್ಪು ಗೆರೆ ಇದ್ರೆ ಟಿಆರ್‌ಎಸ್, ಅಂದ್ರೆ ಮೂರು ಲೋಹದ ಭಾಗ: ತುದಿ ಎಡಗಿವಿಗೆ, ಮಧ್ಯದ ರಿಂಗ್ ಬಲಗಿವಿಗೆ, ಬುಡದ ಸ್ಲೀವ್ ಗ್ರೌಂಡ್‌ಗೆ, ಮೈಕ್‌ಗೆ ಜಾಗಾನೇ ಇಲ್ಲ. ಮೂರು ಗೆರೆ ಇದ್ರೆ ಟಿಆರ್‌ಆರ್‌ಎಸ್, ಇದರಲ್ಲಿ ಒಂದು ರಿಂಗ್ ಜಾಸ್ತಿ ಇರೋದ್ರಿಂದ ಮೈಕ್‌ಗೂ ಒಂದು ಭಾಗ ಸಿಗುತ್ತೆ.

ಮೊನ್ನೆ ಒಬ್ರು ತಂದ ಮೂರು ಗೆರೆಯ ಹೆಡ್‌ಸೆಟ್ ಫೋನಲ್ಲಿ ಸರಿಯಾಗಿತ್ತು, ಡೆಸ್ಕ್‌ಟಾಪಲ್ಲಿ ಮಾತ್ರ ಹಾಡು ಕೇಳ್ತಿತ್ತು, ಮಾತು ಹೋಗ್ತಿರ್ಲಿಲ್ಲ. ಡೆಸ್ಕ್‌ಟಾಪಲ್ಲಿ ಹಸಿರು ಜ್ಯಾಕ್ ಹೆಡ್‌ಫೋನ್‌ಗೆ, ಗುಲಾಬಿ ಜ್ಯಾಕ್ ಮೈಕ್‌ಗೆ, ಎರಡೂ ಮೂರು ಕಾಂಟ್ಯಾಕ್ಟಿನವು, ಹಸಿರಿಗೆ ಹಾಕಿದ್ರೆ ಹೆಡ್‌ಸೆಟ್‌ನ ಮೈಕನ್ನ ಓದೋ ಕಾಂಟ್ಯಾಕ್ಟೇ ಅಲ್ಲಿಲ್ಲ. ಗುಲಾಬಿಗೆ ಹಾಕಿದ್ರೆ ಅದರ ತುದಿ ಕಾಂಟ್ಯಾಕ್ಟಿಗೆ ಸಿಗೋದು ಎಡಗಿವಿ ಸ್ಪೀಕರ್. ಅವರು ಸ್ಪ್ಲಿಟರ್ ತಗೊಂಡಿದ್ರು, ಆದ್ರೆ ಅದರ ಪ್ಲಗ್ಗಲ್ಲಿ ಎರಡೇ ಗೆರೆ! ಅದು ಒಂದೇ ಹಾಡನ್ನ ಇಬ್ರು ಕೇಳೋಕೆ ಮಾಡಿರೋದು. ಬೇಕಾಗಿದ್ದು ಉಲ್ಟಾ, ನಾಲ್ಕು ಕಾಂಟ್ಯಾಕ್ಟಿನ ಒಂದು ಸಾಕೆಟ್, ಅದರಿಂದ ಎರಡು ಗೆರೆಯ ಎರಡು ಪ್ಲಗ್, ಒಂದರ ಮೇಲೆ ಹೆಡ್‌ಫೋನ್ ಚಿತ್ರ, ಇನ್ನೊಂದರ ಮೇಲೆ ಮೈಕ್ ಚಿತ್ರ. ಅದನ್ನ ಹಾಕಿದ್ದೇ ತಡ ಅವರ ಮಾತು ಆ ಕಡೆಗೆ ಕೇಳಿಸ್ತು.

ಅದಕ್ಕೂ ಮುಂಚೆ ಮಲ್ಟಿಮೀಟರಲ್ಲಿ ನೋಡ್ದೆ, ತುದಿಗೂ ಗ್ರೌಂಡಿಗೂ ನಡುವೆ 32 ಓಮ್ ಹತ್ರ ಬಂತು, ಅದು ಸ್ಪೀಕರ್. ಗ್ರೌಂಡಿಗೂ ಮೈಕಿಗೂ ನಡುವೆ ಒಂದೂವರೆ ಕಿಲೋಓಮ್ ಹತ್ರ, ಅಂದ್ರೆ ಮೈಕ್ ವೈರ್ ತುಂಡಾಗಿಲ್ಲ. ಏನೂ ತೋರಿಸದಿದ್ರೆ ವೈರ್ ಕಿತ್ತಿದೆ, ಅದು ಸಾಮಾನ್ಯವಾಗಿ ಪ್ಲಗ್ ಬುಡದಲ್ಲಿ, ಮೀಟರ್ ಹಿಡಿದೇ ಅಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ, ರೀಡಿಂಗ್ ಬಂದು ಹೋಗೋದು ಕಾಣುತ್ತೆ.

ಇನ್ನೊಂದು ತೊಂದರೆ ಮೂರು ಗೆರೆಯ ಪ್ಲಗ್ ಇದ್ರೂ ಬರುತ್ತೆ. ಇದರಲ್ಲಿ ಗ್ರೌಂಡ್, ಮೈಕ್ ಜೋಡಿಸೋಕೆ ಎರಡು ಕ್ರಮ ಇವೆ: ಈಗಿನ ಸಿಟಿಐಎ ಕ್ರಮದಲ್ಲಿ ಎರಡನೇ ರಿಂಗ್ ಗ್ರೌಂಡ್, ಸ್ಲೀವ್ ಮೈಕ್, ಹಳೇ ಓಎಂಟಿಪಿಯಲ್ಲಿ ಇವೆರಡು ಅದಲುಬದಲು. ಒಂದು ಕ್ರಮದ ಹೆಡ್‌ಸೆಟ್ಟನ್ನ ಇನ್ನೊಂದರ ಫೋನಿಗೆ ಹಾಕಿದ್ರೆ ಸ್ಪೀಕರ್‌ಗಳ ಗ್ರೌಂಡ್ ದಾರಿ ಮೈಕ್ ಮೂಲಕ ಹೋಗುತ್ತೆ, ಹಾಡಿನ ಸಂಗೀತ ಪೊಳ್ಳಾಗಿ ಕೇಳುತ್ತೆ, ಗಾಯಕರ ದನಿ ಮಾತ್ರ ಮಾಯ ಆಗುತ್ತೆ, ಯಾಕಂದ್ರೆ ಎಡ ಬಲ ಎರಡರಲ್ಲೂ ಸಮ ಇರೋದು ರದ್ದಾಗುತ್ತೆ. ವೈರ್ ಮೇಲಿನ ಬಟನ್ ಒತ್ತಿ ಹಿಡೀರಿ, ಅದು ಮೈಕನ್ನ ಗ್ರೌಂಡಿಗೆ ಶಾರ್ಟ್ ಮಾಡುತ್ತೆ, ಒತ್ತಿರೋವಷ್ಟು ಹೊತ್ತು ದನಿ ವಾಪಸ್ ಬಂದ್ರೆ ಕ್ರಮ ತಪ್ಪಿರೋದು ಖಾತ್ರಿ. ಆಗ ಆ ಎರಡು ಕಾಂಟ್ಯಾಕ್ಟನ್ನ ಅದಲುಬದಲು ಮಾಡೋ ಅಡಾಪ್ಟರ್ ಸಾಕು, ಹೆಡ್‌ಸೆಟ್ ಎಸೀಬೇಡಿ.