ಚೀಟಿ ಕಿತ್ತ ಮೇಲೆ ಹಳೆಯ ಬೆಲೆ ಎಷ್ಟು?

ಆಷಾಢ ಮುಗಿದು ಶ್ರಾವಣ ಹಿಡಿಯುವ ಹೊತ್ತಿಗೆ ಬಟ್ಟೆ ಅಂಗಡಿಗಳ ಲೆಕ್ಕ ಬರೆಯುವವರಿಗೆ ಒಂದು ಹೆಚ್ಚುವರಿ ಕೆಲಸ ಬೀಳುತ್ತದೆ. ಮದುವೆ ಮುಂಜಿಗಳಿಲ್ಲದ ತಿಂಗಳಲ್ಲಿ ವ್ಯಾಪಾರ ಕುದುರಲೆಂದು ಅಂಟಿಸಿದ್ದ ರಿಯಾಯಿತಿ ಚೀಟಿಗಳನ್ನು ಕಿತ್ತು, ವರಮಹಾಲಕ್ಷ್ಮಿ ಹಬ್ಬದ ಗಿರಾಕಿಗಳು ಬರುವುದರೊಳಗೆ ಉಳಿದ ಸರಕಿಗೆ ಹಳೆಯ ಬೆಲೆ ಹಾಕಬೇಕು. ಕಂಪ್ಯೂಟರಿನಲ್ಲಿ ದಾಸ್ತಾನು ಇಟ್ಟವರಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಸಣ್ಣ ಅಂಗಡಿಗಳಲ್ಲಿ ಹಾಗಲ್ಲ. ಹೊಸ ಚೀಟಿ ಅಂಟಿಸುವಾಗಲೇ ಹಳೆಯದು ಕಸದ ಬುಟ್ಟಿ ಸೇರಿರುತ್ತದೆ. ಕೈಯಲ್ಲಿ ಉಳಿದಿರುವುದು ಇಳಿಸಿದ ಬೆಲೆ ಮತ್ತು ಶೇಕಡಾ ಎಷ್ಟು ಇಳಿಸಿದ್ದೆವು ಎಂಬ ಮಾಹಿತಿ, ಎರಡೇ.

ನಾನು ಲೆಕ್ಕಪತ್ರ ನೋಡುವ ಒಂದು ಸೀರೆ ಅಂಗಡಿಯಲ್ಲಿ ಗುಮಾಸ್ತರು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿ ಮುಗಿಸಿದ್ದರು. ಶೇ. 30 ರಿಯಾಯಿತಿಯಲ್ಲಿ 1,715 ರೂಪಾಯಿಗೆ ಇಟ್ಟಿದ್ದ ಇಳಕಲ್ ಸೀರೆಗೆ ಈಗ 2,229 ರೂಪಾಯಿ 50 ಪೈಸೆಯ ಚೀಟಿ ಬಿದ್ದಿತ್ತು. ಸೀರೆಗೆ ಐವತ್ತು ಪೈಸೆ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಹೇಳಿದ್ದು: “ಇಳಿಸಿದ್ದೂ ಮೂವತ್ತು, ಏರಿಸಿದ್ದೂ ಮೂವತ್ತು ಸರ್. ಸರಿಹೋಗಬೇಕಲ್ಲ?”

ಸರಿಹೋಗುವುದಿಲ್ಲ. ಇಳಿಸುವಾಗಿನ ಮೂವತ್ತು ಹಳೆಯ ಬೆಲೆಯ ನೂರರಲ್ಲಿ ಮೂವತ್ತು. ಏರಿಸುವಾಗ ಅವರು ಹಿಡಿದದ್ದು ಇಳಿಸಿದ ಬೆಲೆಯ ನೂರರಲ್ಲಿ ಮೂವತ್ತು. ಶೇಕಡಾ ಅಂಕಿ ಒಂದೇ ಆದರೂ ಅದು ಯಾವ ಮೊತ್ತದ ಮೇಲೆ ನಿಂತಿದೆ ಎಂಬುದು ಬದಲಾಗಿದೆ. ಮೊತ್ತ ಚಿಕ್ಕದಾದ್ದರಿಂದ ಅದರ ಶೇ. 30 ಕೂಡ ಚಿಕ್ಕದು.

ಹಳೆಯ ಬೆಲೆಯನ್ನು ನೂರು ಪಾಲು ಎಂದುಕೊಳ್ಳಿ. ಮೂವತ್ತು ಪಾಲು ಬಿಟ್ಟುಕೊಟ್ಟರೆ ಉಳಿಯುವುದು ಎಪ್ಪತ್ತು ಪಾಲು. ಆ ಎಪ್ಪತ್ತು ಪಾಲಿನ ಬೆಲೆಯೇ 1,715 ರೂಪಾಯಿ. ಹಾಗಾದರೆ ಒಂದು ಪಾಲಿಗೆ 1,715 ಭಾಗಿಸು 70, ಅಂದರೆ 24 ರೂಪಾಯಿ 50 ಪೈಸೆ. ನೂರು ಪಾಲಿಗೆ 2,450 ರೂಪಾಯಿ. ಸೀರೆಯ ಹಳೆಯ ಬೆಲೆ ಅದೇ. ತಾಳೆ ನೋಡುವುದೂ ಸುಲಭ: ಬಂದ ಉತ್ತರಕ್ಕೆ ರಿಯಾಯಿತಿಯನ್ನು ಮತ್ತೆ ಕೊಟ್ಟು ನೋಡಬೇಕು. 2,450ರ ಶೇ. 30 ಎಂದರೆ 735. ಕಳೆದರೆ 1,715 ಸಿಗುತ್ತದೆ. ಗುಮಾಸ್ತರ 2,229.50ರಲ್ಲಿ ಶೇ. 30 ಕಳೆದರೆ ಸುಮಾರು 1,561 ಬರುತ್ತದೆ. ಎಲ್ಲಿಯ 1,715, ಎಲ್ಲಿಯ 1,561!

ಸೀರೆಯೊಂದಕ್ಕೆ 220 ರೂಪಾಯಿ 50 ಪೈಸೆ ಕಡಿಮೆ. ಇದು ಹಳೆಯ ಬೆಲೆಯ ಸರಿಯಾಗಿ ಶೇ. 9. ಮೂವತ್ತರ ಶೇ. 30 ಎಷ್ಟೋ ಅಷ್ಟು. ಈ ತಪ್ಪಿನ ಅಳತೆ ಯಾವಾಗಲೂ ಹೀಗೆಯೇ. ರಿಯಾಯಿತಿ ಶೇ. 10 ಇದ್ದರೆ ಶೇ. 1 ಕಡಿಮೆ ಬೀಳುತ್ತದೆ, ಶೇ. 20ಕ್ಕೆ ಶೇ. 4, ಶೇ. 50ಕ್ಕೆ ಶೇ. 25. ಅದಕ್ಕೇ ಸಣ್ಣ ರಿಯಾಯಿತಿಯಲ್ಲಿ ಈ ತಪ್ಪು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ನಡೆಯುತ್ತದೆ. ಅರ್ಧ ಬೆಲೆಯ ಮಾರಾಟದಲ್ಲಿ ಮಾತ್ರ ಎಂಥವರಿಗೂ ಅನುಮಾನ ಬರುತ್ತದೆ, ಏಕೆಂದರೆ ಅರ್ಧಕ್ಕೆ ಇಳಿದದ್ದು ಎರಡರಷ್ಟಾದರೆ ಮಾತ್ರ ಮೊದಲಿನಂತಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಗುಮಾಸ್ತರನ್ನು ನಾನು ದೂರುವುದಿಲ್ಲ, ಅವರ ಮೇಜಿನ ಮೇಲಿದ್ದ ಯಂತ್ರವೂ ಅದನ್ನೇ ಹೇಳಿತ್ತು. ನಿಮ್ಮ ಕ್ಯಾಲ್ಕುಲೇಟರಿನಲ್ಲಿ 100, ಕೂಡಿಸು, 25, % ಎಂದು ಒತ್ತಿ ನೋಡಿ. ಹೆಚ್ಚಿನವು 125 ತೋರಿಸುತ್ತವೆ. ಕೆಲವು ಮೇಜಿನ ಕ್ಯಾಲ್ಕುಲೇಟರುಗಳು ಮಾತ್ರ 133.33 ತೋರಿಸುತ್ತವೆ, ಏಕೆಂದರೆ ಅವು “ಯಾವ ಮೊತ್ತದಿಂದ ಶೇ. 25 ತೆಗೆದರೆ 100 ಉಳಿಯುತ್ತದೆ” ಎಂಬ ವ್ಯಾಪಾರಿಯ ಪ್ರಶ್ನೆಗೆ ಉತ್ತರ ಕೊಡುತ್ತವೆ. ಎರಡೂ ಕೆಟ್ಟಿಲ್ಲ. ನಿಮ್ಮದು ಯಾವ ಬಗೆಯದು ಎಂದು ಗೊತ್ತಿಲ್ಲದಿದ್ದರೆ ಆ % ಕೀಲಿಯ ಗೊಡವೆಯೇ ಬೇಡ. 1,715ನ್ನು 0.70ರಿಂದ ಭಾಗಿಸಿದರೆ ಎಲ್ಲ ಯಂತ್ರಗಳೂ ಒಂದೇ ಉತ್ತರ ಕೊಡುತ್ತವೆ. ಸ್ಪ್ರೆಡ್‌ಶೀಟಿನಲ್ಲಿ ಇಳಿಸಿದ ಬೆಲೆ A2ರಲ್ಲಿಯೂ ರಿಯಾಯಿತಿ B2ರಲ್ಲಿಯೂ ಇದ್ದರೆ ಸೂತ್ರ ಇಷ್ಟೇ:

```
=A2/(1-B2)
```

B2ರಲ್ಲಿ 30% ಎಂದೇ ಬರೆದಿರಬೇಕು. ಬರೀ 30 ಎಂದು ಬರೆದರೆ ಸೀರೆಯ ಬೆಲೆ ಸೊನ್ನೆಗಿಂತ ಕೆಳಗಿಳಿದು, ಋಣ ಚಿಹ್ನೆ ಹೊತ್ತು 59.14 ಎಂದು ಕಾಣಿಸುತ್ತದೆ. ಸದ್ಯ, ಆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಗಲ್ಲಾದ ಮುಂದೆ ಕೂತವರಿಗೆ ಯಂತ್ರದ ಹಂಗೂ ಬೇಕಿಲ್ಲ. ಶೇ. 20 ಎಂದರೆ ಐದು ಪಾಲಿನಲ್ಲಿ ಒಂದು ಪಾಲು ಹೋಗಿ ನಾಲ್ಕು ಉಳಿದಿವೆ. ಹೋದ ಒಂದು ಪಾಲು ಉಳಿದ ನಾಲ್ಕರ ಕಾಲು ಭಾಗ. ಆದ್ದರಿಂದ ಇಳಿಸಿದ ಬೆಲೆಗೆ ಅದರ ಕಾಲು ಭಾಗ ಸೇರಿಸಿದರೆ ಹಳೆಯ ಬೆಲೆ: 800ಕ್ಕೆ 200 ಸೇರಿ 1,000. ಶೇ. 25ಕ್ಕೆ ಮೂರನೇ ಒಂದು ಭಾಗ ಸೇರಿಸಬೇಕು. ಶೇ. 40ಕ್ಕೆ ಮೂರರಲ್ಲಿ ಎರಡು ಭಾಗ. ಶೇ. 10ಕ್ಕೆ ಒಂಬತ್ತನೇ ಒಂದು ಭಾಗ, ಬಾಯಿಲೆಕ್ಕದಲ್ಲಿ ತುಸು ತೊಡಕಿನದು. ಶೇ. 30 ಇನ್ನೂ ತೊಡಕು, ಏಳರಲ್ಲಿ ಮೂರು ಭಾಗ. ಅಲ್ಲಿ ಪೆನ್ನು ಹಿಡಿಯುವುದೇ ವಾಸಿ.

ಒಂದರ ಮೇಲೊಂದು ರಿಯಾಯಿತಿ ಇರುವಾಗ ಲೆಕ್ಕ ಕೊಂಚ ಬಿಗಿಯಾಗುತ್ತದೆ. “ಶೇ. 50 + ಶೇ. 20” ಎಂಬ ಫಲಕ ನೋಡಿದ ಗಿರಾಕಿ ಮನಸ್ಸಿನಲ್ಲಿ ಎಪ್ಪತ್ತು ಎಂದು ಕೂಡಿಕೊಳ್ಳುತ್ತಾನೆ, ಫಲಕ ಬರೆಸಿದವರ ಆಸೆಯೂ ಅದೇ. ಆದರೆ ಎರಡನೆಯ ರಿಯಾಯಿತಿ ಬರುವುದು ಅರ್ಧವಾದ ಬೆಲೆಯ ಮೇಲೆ. ಬಿಲ್ಲಿನಲ್ಲಿ 1,196 ರೂಪಾಯಿ ಇದೆ ಎನ್ನೋಣ. ಮೊದಲು ಕೊನೆಯದನ್ನು ಬಿಡಿಸಬೇಕು: 1,196 ಭಾಗಿಸು 0.80, ಬರುವುದು 1,495. ಆಮೇಲೆ ಅದರ ಹಿಂದಿನದು: 1,495 ಭಾಗಿಸು 0.50, ಬರುವುದು 2,990. ಒಟ್ಟು ರಿಯಾಯಿತಿ ಶೇ. 60 ಮಾತ್ರ. ಎಪ್ಪತ್ತೆಂದು ನಂಬಿ 0.30ರಿಂದ ಭಾಗಿಸಿದ್ದರೆ ಹಳೆಯ ಬೆಲೆ ಸುಮಾರು 3,987 ಎಂದು ಬರುತ್ತಿತ್ತು, ಇಲ್ಲದ ಸಾವಿರ ರೂಪಾಯಿ ಉಳಿಸಿದ ಸಂತೋಷವೂ ಜೊತೆಗೆ ಬರುತ್ತಿತ್ತು.

ಎರಡೂ ಶೇಕಡಾ ಆಗಿದ್ದರೆ ಯಾವುದನ್ನು ಮೊದಲು ಬಿಡಿಸಿದರೂ ಉತ್ತರ ಒಂದೇ. ನಡುವೆ ರೂಪಾಯಿ ಲೆಕ್ಕದ ಕೂಪನ್ ಸೇರಿದಾಗ ಹಾಗಾಗುವುದಿಲ್ಲ. ಅದೇ 2,990ಕ್ಕೆ ಶೇ. 40 ಇಳಿಸಿ, ಬಂದ 1,794ರಲ್ಲಿ 200 ರೂಪಾಯಿಯ ಕೂಪನ್ ಕಳೆದರೆ ಗಿರಾಕಿ ಕೊಡುವುದು 1,594. ಹಿಂದಕ್ಕೆ ಹೋಗುವಾಗ ಕೊನೆಗೆ ಕಳೆದ ಕೂಪನ್ನನ್ನು ಮೊದಲು ಕೂಡಿಸಿ, ನಂತರ 0.60ರಿಂದ ಭಾಗಿಸಬೇಕು. ತಿರುಗುಮುರುಗಾಗಿ ಮೊದಲು ಭಾಗಿಸಿ ಆಮೇಲೆ 200 ಕೂಡಿಸಿದರೆ 2,857ರ ಹತ್ತಿರ ನಿಲ್ಲುತ್ತೀರಿ. ಗುಣಿಸಿದ್ದನ್ನು ಭಾಗಿಸು, ಕಳೆದದ್ದನ್ನು ಕೂಡಿಸು, ಕೊನೆಯಿಂದ ಮೊದಲಿಗೆ ನಡೆ ಎಂಬ ಈ ವಿಲೋಮ ಕ್ರಮವನ್ನು ಆರ್ಯಭಟ ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ. ನಮ್ಮ ಅಂಗಡಿಗಳ ಬಿಲ್ಲುಗಳು ಮಾತ್ರ ಯಾವುದನ್ನು ಮೊದಲು ಕಳೆದೆವು ಎಂದು ಸ್ಪಷ್ಟವಾಗಿ ಬರೆಯುವ ಸೌಜನ್ಯ ತೋರುವುದಿಲ್ಲ. ಬಿಲ್ಲಿನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿ ಆ ಕ್ರಮವನ್ನು ಮೊದಲು ಗುರುತಿಸಿಕೊಳ್ಳಬೇಕು.

ತೆರಿಗೆಯ ವಿಷಯಕ್ಕೂ ಇದೇ ನಡೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿಸಿದ್ದರೆ ಅದರಲ್ಲಿ ತೆರಿಗೆ ಸೇರಿಯೇ ಇರುತ್ತದೆ. ರಿಯಾಯಿತಿಯನ್ನು ಆ ಬೆಲೆಯ ಮೇಲೆಯೇ ಕೊಟ್ಟಿದ್ದರೆ, 1,890 ರೂಪಾಯಿ ಕೊಟ್ಟು ಶೇ. 40 ರಿಯಾಯಿತಿಯಲ್ಲಿ ಕೊಂಡ ಕುರ್ತಾದ ಮುದ್ರಿತ ಬೆಲೆ 1,890 ಭಾಗಿಸು 0.60, ಅಂದರೆ 3,150. ಅಂಗಡಿಯವರು ತೆರಿಗೆ ಬಿಟ್ಟು ಬೆಲೆ ಬರೆದು, ರಿಯಾಯಿತಿ ಕಳೆದ ಮೇಲೆ ಶೇ. 5 ಜಿಎಸ್‌ಟಿ ಸೇರಿಸಿದ್ದರೆ ಮೊದಲು 1.05ರಿಂದ ಭಾಗಿಸಿ 1,800ಕ್ಕೆ ಬರಬೇಕು, ಆಮೇಲೆ 0.60ರಿಂದ ಭಾಗಿಸಿ 3,000ಕ್ಕೆ. ಬಿಲ್ಲಿನ ಮೊತ್ತ ಒಂದೇ, ಚೀಟಿಯ ಬೆಲೆ ಬೇರೆ. ಇದರಲ್ಲೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18 ತೆರಿಗೆ. ಬಿಲ್ಲಿನಲ್ಲೇ ಕಳೆದ ರಿಯಾಯಿತಿಯ ನಂತರದ ಬೆಲೆ ನೋಡಿ ಈ ದರ ನಿಗದಿಯಾಗುತ್ತದೆ. ಆದ್ದರಿಂದ ಅದೇ 3,000ದ ಕುರ್ತಾವನ್ನು ರಿಯಾಯಿತಿಯಿಲ್ಲದೆ ಕೊಂಡಿದ್ದರೆ ಕೈಬಿಡುತ್ತಿದ್ದ ಹಣ 3,540. “ಮೂಲ ಬೆಲೆ ಹೇಳಿ” ಎಂದು ಯಾರಾದರೂ ಕೇಳಿದರೆ ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ನಾನು ತಿರುಗಿ ಕೇಳುವುದು ಇದಕ್ಕೇ.

ಇನ್ನು ಉಳಿದದ್ದು ಸರಿಯಾಗಿ ಭಾಗವಾಗದ ಅಂಕಿಗಳು. ಶೇ. 40 ಕಳೆದು 1,199 ಎಂದಿರುವ ಅಂಗಿಗೆ ಹಿಂದಕ್ಕೆ ಲೆಕ್ಕ ಹಾಕಿದರೆ 1,998 ರೂಪಾಯಿ 33 ಪೈಸೆ ಬರುತ್ತದೆ. ಅಂಥ ಬೆಲೆಯನ್ನು ಯಾರೂ ಮುದ್ರಿಸುವುದಿಲ್ಲ. 1,999ರಿಂದ ಶೇ. 40 ಕಳೆದರೆ 1,199.40, ಪೈಸೆ ಬಿಟ್ಟರೆ 1,199. ಹಾಗಾಗಿ ಹಳೆಯ ಬೆಲೆ 1,999 ಎನ್ನಲು ಅಡ್ಡಿಯಿಲ್ಲ. ರಿಯಾಯಿತಿ ದೊಡ್ಡದಾದಷ್ಟೂ ಈ ಪೈಸೆಗಳು ಹಿಗ್ಗುತ್ತವೆ: ಶೇ. 80ರಲ್ಲಿ ಐದರಷ್ಟು, ಶೇ. 90ರಲ್ಲಿ ಹತ್ತರಷ್ಟು. ಮೊಬೈಲ್ ಆ್ಯಪ್‌ಗಳಲ್ಲಿ ಶೇಕಡಾವನ್ನೂ ಸಾಮಾನ್ಯವಾಗಿ ಪೂರ್ಣಾಂಕಕ್ಕೆ ತಂದೇ ತೋರಿಸುತ್ತಾರೆ. 499 ರೂಪಾಯಿ, ಶೇ. 75 ಎಂದಿದ್ದರೆ ನಮ್ಮ ಲೆಕ್ಕ 1,996 ಎನ್ನುತ್ತದೆ, ಗೀಟು ಹೊಡೆದ ಬೆಲೆ 1,999 ಇರುತ್ತದೆ. ಮೂರು ರೂಪಾಯಿಯ ಈ ವ್ಯತ್ಯಾಸ ಮೋಸವಲ್ಲ, ಅದು ಶೇ. 75.04. ವ್ಯತ್ಯಾಸ ಮುನ್ನೂರು ರೂಪಾಯಿ ಇದ್ದರೆ ಮಾತ್ರ ಬಿಲ್ಲನ್ನು ಮತ್ತೊಮ್ಮೆ ಓದಬೇಕು; ಬಹಳ ಸಲ ಅಲ್ಲಿ “ಶೇ. 75ರವರೆಗೆ” ಎಂದು ಬರೆದಿರುತ್ತದೆ, ಆ “ವರೆಗೆ” ಸಣ್ಣ ಅಕ್ಷರದಲ್ಲಿರುತ್ತದೆ.