ಡಾಲರ್ ಕೊಂಡಾಗ ಹುಟ್ಟುವ ರೂಪಾಯಿ ಎಲ್ಲಿಗೆ ಹೋಗುತ್ತದೆ?

ರೂಪಾಯಿ ಸ್ವಲ್ಪ ಅಲುಗಾಡಿದರೆ ಸಾಕು, ರಿಸರ್ವ್ ಬ್ಯಾಂಕ್ ಡಾಲರ್ ಕೊಂಡಿತು, ಮಾರಿತು ಅನ್ನುವ ಸುದ್ದಿ ಬರುತ್ತದೆ. ಆದರೆ ಆ ವ್ಯವಹಾರದ ಇನ್ನೊಂದು ಬದಿಯಲ್ಲಿ ರೂಪಾಯಿ ಇರುತ್ತದೆ. ಅದರ ಗತಿ ಏನಾಯಿತು ಎಂದು ಸುದ್ದಿಯಲ್ಲಿ ಹೇಳುವುದು ಕಡಿಮೆ.

1991ರಲ್ಲಿ ಡಾಲರ್ ಇಲ್ಲದೆ ಚಿನ್ನ ಅಡವಿಟ್ಟ ದೇಶ, 2003ರ ಡಿಸೆಂಬರ್ ಹೊತ್ತಿಗೆ 10,000 ಕೋಟಿ ಡಾಲರ್ ಮೀಸಲು ಕೂಡಿಸಿಕೊಂಡಿತ್ತು. ತೊಡಕು ಜೋರಾಗಿದ್ದು ಆಮೇಲೆ.

ಒಂದು ಲೆಕ್ಕ ಹಾಕೋಣ. ಡಾಲರ್ ಬೆಲೆ 40 ರೂಪಾಯಿ ಇದೆ ಎಂದುಕೊಳ್ಳಿ. ರೂಪಾಯಿ ದುಬಾರಿಯಾಗದಿರಲಿ ಎಂದು ರಿಸರ್ವ್ ಬ್ಯಾಂಕ್ 100 ಕೋಟಿ ಡಾಲರ್ ಕೊಂಡರೆ, ಮಾರಿದ ಬ್ಯಾಂಕುಗಳ ಖಾತೆಗೆ 4,000 ಕೋಟಿ ರೂಪಾಯಿ ಜಮಾ ಮಾಡಬೇಕು. ಈ ಹಣವನ್ನು ಅದು ಯಾರಿಂದಲೂ ಸಾಲ ತರುವುದಿಲ್ಲ. ಖಾತೆಯಲ್ಲಿ ಬರೆದರೆ ಮುಗಿಯಿತು, ಹೊಸ ಹಣ ಹುಟ್ಟಿತು. ಅದನ್ನು ಹಾಗೇ ಬಿಟ್ಟರೆ ಬ್ಯಾಂಕುಗಳು ಸಾಲ ಕೊಡುತ್ತವೆ, ಸಾಲ ಮತ್ತೆ ಠೇವಣಿಯಾಗಿ ಬರುತ್ತದೆ, ಮತ್ತೆ ಸಾಲವಾಗುತ್ತದೆ. 4,000 ಕೋಟಿ ಹೀಗೆ ಸುತ್ತಿ ಸುತ್ತಿ ನಾಲ್ಕು ಪಟ್ಟಾದರೆ ಊರಲ್ಲಿ ಓಡಾಡುವ ಹಣ 16,000 ಕೋಟಿ ಹೆಚ್ಚುತ್ತದೆ. ಬೆಲೆಗಳೂ ಏರಬಹುದು. ಇದು ಸ್ಟೆರಿಲೈಸ್ ಮಾಡದ ಕೊಳ್ಳುವಿಕೆ.

ಸ್ಟೆರಿಲೈಸ್ ಮಾಡುವುದೆಂದರೆ, ಒಂದು ಕೈಯಲ್ಲಿ ಕೊಟ್ಟ 4,000 ಕೋಟಿಯನ್ನು ಇನ್ನೊಂದು ಕೈಯಲ್ಲಿ ವಾಪಸ್ ಪಡೆಯುವುದು. ರಿಸರ್ವ್ ಬ್ಯಾಂಕ್ ತನ್ನಲ್ಲಿರುವ ಸರ್ಕಾರಿ ಬಾಂಡ್‌ಗಳನ್ನು ಮಾರುತ್ತದೆ. ಬ್ಯಾಂಕುಗಳು ಅದೇ ದುಡ್ಡಿನಿಂದ ಅವನ್ನು ಕೊಳ್ಳುತ್ತವೆ. ಡಾಲರ್ ಬಂತು, ಬಾಂಡ್ ಹೋಯಿತು, ಹಣದ ಮೊತ್ತ ಇದ್ದಲ್ಲೇ ಇತ್ತು.

ಆದರೆ ಬಾಂಡ್‌ಗಳ ಗಂಟು ಅಕ್ಷಯಪಾತ್ರೆ ಅಲ್ಲ ಅಲ್ವಾ? 2003-04ರಲ್ಲಿ ಡಾಲರ್ ಹರಿದು ಬಂದ ವೇಗಕ್ಕೆ ಆ ಗಂಟು ಕರಗುತ್ತಾ ಬಂತು. ಆಗ ಹುಟ್ಟಿದ್ದು ಮಾರ್ಕೆಟ್ ಸ್ಟೆಬಿಲೈಸೇಶನ್ ಸ್ಕೀಮ್, ಚಿಕ್ಕದಾಗಿ ಎಂಎಸ್‌ಎಸ್. 2004ರ ಏಪ್ರಿಲ್‌ನಲ್ಲಿ ಇದು ಶುರುವಾಯಿತು. ಸರ್ಕಾರ ಬಾಂಡ್ ಹೊರಡಿಸುತ್ತದೆ. ಬಂದ ದುಡ್ಡು ರಿಸರ್ವ್ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಸರ್ಕಾರ ಅದನ್ನು ಖರ್ಚು ಮಾಡುವಂತಿಲ್ಲ, ಬಡ್ಡಿಯನ್ನು ಮಾತ್ರ ಬಜೆಟ್‌ನಿಂದ ಕಟ್ಟಬೇಕು. ಉಪಯೋಗಿಸದ ಸಾಲಕ್ಕೆ ಬಡ್ಡಿ!

ನಮ್ಮ 4,000 ಕೋಟಿಗೇ ಹಚ್ಚಿ ನೋಡಿ. ಬಾಂಡ್‌ಗೆ ಶೇ 7.5 ಬಡ್ಡಿ ಎಂದರೆ ವರ್ಷಕ್ಕೆ 300 ಕೋಟಿ. ಕೊಂಡ ಡಾಲರನ್ನು ವಿದೇಶದಲ್ಲಿ ಇಟ್ಟು ಶೇ 4 ಗಳಿಸಿದರೆ 160 ಕೋಟಿ. ಉಳಿದ 140 ಕೋಟಿ ಕೊನೆಗೆ ತೆರಿಗೆ ಕಟ್ಟುವವರ ಲೆಕ್ಕಕ್ಕೇ ಬರುತ್ತದೆ. ರೂಪಾಯಿ ದುಬಾರಿಯಾಗದೆ ಉಸಿರಾಡಿದ ರಫ್ತುದಾರರಿಗೆ ಈ ಬಿಲ್ ಪ್ರತ್ಯೇಕವಾಗಿ ಬರಲಿಲ್ಲ.

2007ರಲ್ಲಿ ಈ ಯಂತ್ರ ಪೂರ್ತಿ ಬಿಸಿಯಾಯಿತು. ಮಾರ್ಚ್‌ನಿಂದ ಮೇ ನಡುವೆ ರಿಸರ್ವ್ ಬ್ಯಾಂಕ್ ಕೊಳ್ಳುವುದನ್ನು ಕಡಿಮೆ ಮಾಡಿದ್ದೇ ತಡ, ಡಾಲರ್ ಬೆಲೆ 44 ರೂಪಾಯಿ ಆಸುಪಾಸಿನಿಂದ 41ರ ಕೆಳಗೆ ಇಳಿಯಿತು. ಡಾಲರ್‌ನಲ್ಲಿ ಬಿಲ್ ಮಾಡಿ ರೂಪಾಯಿಯಲ್ಲಿ ಸಂಬಳ ಕೊಡುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ, ಗಾರ್ಮೆಂಟ್ಸ್‌ನವರಿಗೆ ಬಿಸಿ ತಟ್ಟಿತು. ಆಮೇಲೆ ಮತ್ತೆ ಭಾರಿ ಖರೀದಿ. 2004ರಲ್ಲಿ 60,000 ಕೋಟಿ ಇದ್ದ ಎಂಎಸ್‌ಎಸ್ ಮಿತಿ 2007ರ ನವೆಂಬರ್‌ನಲ್ಲಿ 2.5 ಲಕ್ಷ ಕೋಟಿ ಆಯಿತು. ಜೊತೆಗೆ ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನ ಬಳಿ ಬಡ್ಡಿಯಿಲ್ಲದೆ ಇಡಬೇಕಾದ ಪಾಲು, ಅಂದರೆ ಸಿಆರ್‌ಆರ್ ಕೂಡ ಏರುತ್ತಾ ಹೋಗಿ 2008ರ ಆಗಸ್ಟ್‌ಗೆ ಶೇ 9 ಮುಟ್ಟಿತು. ಅಂದರೆ ಹೊರೆಯ ಒಂದು ಪಾಲು ಬ್ಯಾಂಕುಗಳ ಹೆಗಲಿಗೂ ಬಂತು.

ಇದರಲ್ಲೊಂದು ವಿಚಿತ್ರವೂ ಇದೆ. ಹಣ ಹೀರಿದರೆ ಇಲ್ಲಿನ ಬಡ್ಡಿ ಇಳಿಯುವುದಿಲ್ಲ. ಬಡ್ಡಿ ಜಾಸ್ತಿ ಇದ್ದರೆ ಅದನ್ನು ಹುಡುಕಿಕೊಂಡು ಇನ್ನಷ್ಟು ಡಾಲರ್ ಬರುತ್ತದೆ. ಅದನ್ನು ಕೊಳ್ಳಬೇಕು, ಮತ್ತೆ ಹೀರಬೇಕು.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ ಮೇಲೆ ಡಾಲರ್ ಹೊರಗೆ ಓಡತೊಡಗಿತು. ರಿಸರ್ವ್ ಬ್ಯಾಂಕ್ ಡಾಲರ್ ಮಾರಿದಾಗಲೆಲ್ಲ ಅಷ್ಟು ರೂಪಾಯಿ ಮಾರುಕಟ್ಟೆಯಿಂದ ಮಾಯವಾಗುತ್ತಿತ್ತು. ಆಗ ಎಂಎಸ್‌ಎಸ್ ಬಾಂಡ್‌ಗಳನ್ನು ವಾಪಸ್ ಕೊಂಡು, ಕೂಡಿಟ್ಟ ಹಣವನ್ನು ಹೊರಬಿಟ್ಟರು. ಅಷ್ಟು ವರ್ಷ ಬಡ್ಡಿ ಕಟ್ಟಿದ್ದು ಪೂರ್ತಿ ದಂಡವಾಗಲಿಲ್ಲ ಅನ್ನಿ.

2025ರ ಆರಂಭದ ಕಂತು ಕೂಡ ಈ ಉಲ್ಟಾ ದಿಕ್ಕಿನದೇ. 2024ರ ಕೊನೆಯಲ್ಲಿ ರೂಪಾಯಿಯನ್ನು ಹಿಡಿದು ನಿಲ್ಲಿಸಲು ಡಾಲರ್ ಮಾರಿದ್ದೂ ಸೇರಿ, 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ 2 ಲಕ್ಷ ಕೋಟಿಗೂ ಹೆಚ್ಚು ನಗದು ಕೊರತೆ ಬಿತ್ತು. ರಿಸರ್ವ್ ಬ್ಯಾಂಕ್ 60,000 ಕೋಟಿಯ ಬಾಂಡ್ ಖರೀದಿ ಘೋಷಿಸಿತು. 500 ಕೋಟಿ ಡಾಲರನ್ನು ಬ್ಯಾಂಕುಗಳಿಂದ ಪಡೆದು ರೂಪಾಯಿ ಕೊಡುವ, ಆರು ತಿಂಗಳ ನಂತರ ಅದನ್ನು ತಿರುಗಿಸುವ ಸ್ವಾಪ್ ಕೂಡ ನಡೆಸಿತು. ಆರು ತಿಂಗಳಾದ ಮೇಲೆ ಆ ರೂಪಾಯಿ ಮತ್ತೆ ರಿಸರ್ವ್ ಬ್ಯಾಂಕಿಗೆ ಮರಳಬೇಕಿತ್ತು.